ಕೊಟೇಶನ್‌ನಲ್ಲಿ ಕಾಣದ ಶೇ. 18: ‘ದರದಲ್ಲಿ ತೆರಿಗೆ ಸೇರಿಲ್ಲ’ ಎಂದು ಗ್ರಾಹಕರಿಗೆ ಬರೆಯುವುದು ಹೇಗೆ?

ಹುಬ್ಬಳ್ಳಿ: ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಉಕ್ಕಿನ ಪೀಠೋಪಕರಣ ತಯಾರಿಸುವ ಸಣ್ಣ ಕಾರ್ಖಾನೆಯೊಂದು ಇದೆ ಎಂದಿಟ್ಟುಕೊಳ್ಳೋಣ. ಗದಗದ ಖಾಸಗಿ ಪ್ರೌಢಶಾಲೆಯೊಂದು ಅದರಿಂದ 40 ಡೆಸ್ಕು-ಬೆಂಚು ಹಾಗೂ 4 ಕಪಾಟುಗಳಿಗೆ ಕೊಟೇಶನ್ ತರಿಸಿಕೊಂಡಿದೆ. ಡೆಸ್ಕಿಗೆ 4,200 ರೂಪಾಯಿ, ಕಪಾಟಿಗೆ 11,500 ರೂಪಾಯಿ. ಸರಕಿನ ಮೇಲೆ ಶೇ. 5 ರಿಯಾಯಿತಿ, ಸಾಗಣೆ ಮತ್ತು ಜೋಡಣೆಗೆ 8,500 ರೂಪಾಯಿ. ಶಾಲೆಯ ಕಾರ್ಯದರ್ಶಿ ಇವೆಲ್ಲವನ್ನೂ ಕೂಡಿ ಕಳೆದು 2,11,800 ರೂಪಾಯಿ ಎಂಬ ಮೊತ್ತಕ್ಕೆ ಬರುತ್ತಾರೆ. ಆಡಳಿತ ಮಂಡಳಿ ಈ ಬಾಬತ್ತಿಗೆ ಮಂಜೂರು ಮಾಡಿರುವುದು 2,25,000 ರೂಪಾಯಿ. ಹಣ ಸಾಲುತ್ತದೆ, ಇನ್ನೂ ಒಂದಿಷ್ಟು ಉಳಿಯುತ್ತದೆ ಎಂಬ ಸಮಾಧಾನದಲ್ಲಿ ಸಭೆಯ ನಡವಳಿಗೆ ಸಹಿ ಬೀಳುತ್ತದೆ.

ಆದರೆ ಸರಕಿನೊಂದಿಗೆ ಬರುವ ಬಿಲ್ಲಿನ ಮೊತ್ತ 2,49,924 ರೂಪಾಯಿ. ಮಂಜೂರಾತಿಗಿಂತ 24,924 ರೂಪಾಯಿ ಹೆಚ್ಚು. ಕಾರ್ಖಾನೆಯವರು ದರ ಏರಿಸಿಲ್ಲ, ಶಾಲೆಯವರು ಲೆಕ್ಕ ತಪ್ಪಿಲ್ಲ. ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ‘ತೆರಿಗೆ ಪ್ರತ್ಯೇಕ’ ಎಂಬ ಎರಡು ಪದಗಳು 38,124 ರೂಪಾಯಿ ಎಂಬ ಅರ್ಥವನ್ನು ಹೊತ್ತಿದ್ದವು. ಆ ಅರ್ಥವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಇಂತಹ ಜಗಳ ಬಿಲ್ಲಿನ ದಿನ ಹುಟ್ಟದಂತೆ ನೋಡಿಕೊಳ್ಳಲು ಆರ್ಡರ್ ಖಚಿತವಾಗುವ ಮುನ್ನವೇ ಒಂದು ಸ್ಪಷ್ಟೀಕರಣ ಪತ್ರ ಕಳುಹಿಸುವುದು ರೂಢಿಯಲ್ಲಿದೆ. ಅದು ಅಂಚೆಯಲ್ಲೇ ಹೋಗಬೇಕೆಂದಿಲ್ಲ. ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಅದರಲ್ಲಿ ಏನಿರಬೇಕು, ಯಾವ ಲೆಕ್ಕ ಯಾವ ಕ್ರಮದಲ್ಲಿ ಬರಬೇಕು ಎಂಬುದನ್ನು ಮೇಲಿನ ಉದಾಹರಣೆಯನ್ನೇ ಹಿಡಿದು ನೋಡಬಹುದು.

ಗ್ರಾಹಕರ ತಪ್ಪು ತಿಳಿವಳಿಕೆಗೆ ಕಾರಣ

ಅಂಗಡಿಯಲ್ಲಿ ಸೋಪಿನಿಂದ ಹಿಡಿದು ಬಿಸ್ಕತ್ತಿನವರೆಗೆ ಪೊಟ್ಟಣದ ಮೇಲೆ ಮುದ್ರಿತವಾಗಿರುವ ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡದ್ದು. ಕಾನೂನೇ ಹಾಗೆ ವಿಧಿಸಿದೆ. ಆದ್ದರಿಂದ ಬೆಲೆ ಎಂದರೆ ಕೈಯಿಂದ ಕೊಡಬೇಕಾದ ಹಣ ಎಂಬ ಭಾವನೆ ಸಾಮಾನ್ಯ ಗ್ರಾಹಕರಲ್ಲಿ ಬೇರೂರಿದೆ. ವ್ಯಾಪಾರಿ-ವ್ಯಾಪಾರಿಗಳ ನಡುವಿನ ರೂಢಿ ಇದಕ್ಕೆ ವಿರುದ್ಧವಾದುದು. ಅಲ್ಲಿ ದರ ಎಂದರೆ ತೆರಿಗೆ ಹೊರತಾದ ದರ. ಕೊಳ್ಳುವವರು ತಾವು ಕೊಟ್ಟ ಜಿಎಸ್‌ಟಿಯನ್ನು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳುವುದರಿಂದ ಅವರ ಲೆಕ್ಕಾಚಾರಕ್ಕೆ ಮೂಲ ದರವೇ ಮುಖ್ಯ. ಕಾರ್ಖಾನೆಯವರು ಎರಡನೆಯ ರೂಢಿಯಲ್ಲಿ ಬರೆದದ್ದನ್ನು ಶಾಲೆಯವರು ಮೊದಲನೆಯ ರೂಢಿಯಲ್ಲಿ ಓದುತ್ತಾರೆ.

ಶಾಲೆಯ ವಿಷಯದಲ್ಲಿ ಈ ವ್ಯತ್ಯಾಸ ಇನ್ನಷ್ಟು ಬಿಗಿಯಾದುದು. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಶಾಲೆ ತಾನು ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳಲು ಬೇರೆ ತೆರಿಗೆಯೇ ಇಲ್ಲ. ಬೆಂಚಿನ ಮೇಲಿನ ತೆರಿಗೆ ಅದರ ಪಾಲಿಗೆ ಸಂಪೂರ್ಣ ಖರ್ಚು. ಅದೇ ಕಪಾಟುಗಳನ್ನು ನೋಂದಾಯಿತ ಔಷಧ ವಿತರಕರೊಬ್ಬರು ತಮ್ಮ ಗೋದಾಮಿಗೆ ಕೊಂಡರೆ ಅವರಿಗೆ ತೆರಿಗೆಯ ಭಾಗ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಒಂದೇ ಕೊಟೇಶನ್, ಆದರೆ ಒಬ್ಬರಿಗೆ ನಿಜವಾದ ವೆಚ್ಚ 2,49,924 ರೂಪಾಯಿ, ಇನ್ನೊಬ್ಬರಿಗೆ 2,11,800 ರೂಪಾಯಿ. ಪತ್ರ ಬರೆಯುವವರು ಎದುರಿಗಿರುವವರು ಯಾರೆಂದು ಮೊದಲು ತಿಳಿದುಕೊಳ್ಳಬೇಕಾದುದು ಇದಕ್ಕೇ.

ಯಾರು ಬರೆಯಬಹುದು, ಯಾರು ಬರೆಯುವಂತಿಲ್ಲ?

‘ದರದ ಮೇಲೆ ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯುವ ಅಧಿಕಾರ ಎಲ್ಲರಿಗೂ ಇಲ್ಲ. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ನೋಂದಣಿ ಇದ್ದೂ ರಾಜಿ ತೆರಿಗೆ ಪದ್ಧತಿಯನ್ನು, ಅಂದರೆ ಕಾಂಪೊಸಿಷನ್ ಯೋಜನೆಯನ್ನು, ಆಯ್ದುಕೊಂಡವರೂ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಅವರು ತಮ್ಮ ವಹಿವಾಟಿನ ಮೇಲೆ ಕಟ್ಟುವ ಅಲ್ಪ ದರದ ತೆರಿಗೆಯನ್ನು ತಮ್ಮ ಕೈಯಿಂದಲೇ ಭರಿಸಬೇಕು; ಅವರು ಕೊಡುವುದು ತೆರಿಗೆ ಇನ್‌ವಾಯ್ಸ್ ಅಲ್ಲ, ‘ಬಿಲ್ ಆಫ್ ಸಪ್ಲೈ’. ಅದರ ತಲೆಯ ಮೇಲೆ ತಾವು ಕಾಂಪೊಸಿಷನ್ ತೆರಿಗೆದಾರರು, ತೆರಿಗೆ ವಸೂಲಿಗೆ ಅರ್ಹರಲ್ಲ ಎಂದು ನಮೂದಿಸುವುದು ಕಡ್ಡಾಯ. ಇಂತಹವರ ಕೊಟೇಶನ್ನಿನಲ್ಲಿರುವ ದರವೇ ಅಂತಿಮ ದರ.

ಗ್ರಾಹಕರಿಗೂ ಇದನ್ನು ಪರೀಕ್ಷಿಸುವ ದಾರಿ ಇದೆ. ಕೊಟೇಶನ್ ಮೇಲಿನ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು gst.gov.in ತಾಣದ Search Taxpayer ವಿಭಾಗದಲ್ಲಿ ತುಂಬಿದರೆ ಆ ವ್ಯಾಪಾರಿ ಯಾವ ವರ್ಗದವರು, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ತೆರೆಯ ಮೇಲೆ ಬರುತ್ತದೆ. ಸಂಖ್ಯೆಯ ಮೊದಲ ಎರಡು ಅಂಕಿ 29 ಆಗಿದ್ದರೆ ಅದು ಕರ್ನಾಟಕದ ನೋಂದಣಿ. ನಮ್ಮ ಉದಾಹರಣೆಯ ಕಾರ್ಖಾನೆ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತವಾದುದು ಎಂದು ಭಾವಿಸಿ ಮುಂದುವರಿಯೋಣ.

ಪತ್ರದ ಮಾದರಿ

ಕಾರ್ಖಾನೆಯವರು ಶಾಲೆಗೆ ಬರೆಯಬಹುದಾದ ಪತ್ರ ಹೀಗಿರಬಹುದು:

ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರಗಳು.

ತಮ್ಮ ಶಾಲೆಗೆ ಡೆಸ್ಕು ಮತ್ತು ಕಪಾಟು ಪೂರೈಸುವ ಸಂಬಂಧ ಇದೇ ತಿಂಗಳ 3ರಂದು ನಾವು ಕಳುಹಿಸಿದ ಕೊಟೇಶನ್ ಕುರಿತು ಈ ವಿವರಣೆ. ಅದರಲ್ಲಿ ನಮೂದಿಸಿದ ಎಲ್ಲ ದರಗಳೂ, ಸಾಗಣೆ ಮತ್ತು ಜೋಡಣೆಯ ವೆಚ್ಚವೂ ಸೇರಿದಂತೆ, ಜಿಎಸ್‌ಟಿ ಹೊರತಾದ ದರಗಳು. ತಾವು ಪಾವತಿಸಬೇಕಾದ ಅಂತಿಮ ಮೊತ್ತ 2,49,924 ರೂಪಾಯಿ. ಲೆಕ್ಕ ಈ ರೀತಿ ಇದೆ:

ಡೆಸ್ಕು-ಬೆಂಚು, 40 × 4,200 = 1,68,000
ಕಪಾಟು, 4 × 11,500 = 46,000
ಸರಕಿನ ಮೊತ್ತ = 2,14,000
ಕಳೆ: ಶೇ. 5 ರಿಯಾಯಿತಿ = 10,700
ಉಳಿದದ್ದು = 2,03,300
ಕೂಡು: ಸಾಗಣೆ ಮತ್ತು ಜೋಡಣೆ = 8,500
ತೆರಿಗೆಗೆ ಒಳಪಡುವ ಮೌಲ್ಯ = 2,11,800
ಕೇಂದ್ರ ಜಿಎಸ್‌ಟಿ ಶೇ. 9 = 19,062
ರಾಜ್ಯ ಜಿಎಸ್‌ಟಿ ಶೇ. 9 = 19,062
ಪಾವತಿಸಬೇಕಾದ ಮೊತ್ತ = 2,49,924

ಆರ್ಡರ್ ಜೊತೆಗೆ ಮುಂಗಡವಾಗಿ ಈ ಅಂತಿಮ ಮೊತ್ತದ ಅರ್ಧ, ಅಂದರೆ 1,24,962 ರೂಪಾಯಿ, ಉಳಿದ 1,24,962 ರೂಪಾಯಿ ಸರಕು ಶಾಲೆಯಲ್ಲಿ ಜೋಡಿಸಿಕೊಟ್ಟ ದಿನ. ತೆರಿಗೆಯ ದರ ಬಿಲ್ಲಿನ ಮುನ್ನ ಸರ್ಕಾರದಿಂದ ಬದಲಾದಲ್ಲಿ ಕಾನೂನಿನಂತೆ ಅನ್ವಯವಾಗುವ ದರದಲ್ಲಿ ತೆರಿಗೆ ಲೆಕ್ಕ ಹಾಕಲಾಗುವುದು. ಮೂಲ ದರಗಳು ಬದಲಾಗುವುದಿಲ್ಲ. ಈ ಮೊತ್ತಕ್ಕೆ ತಮ್ಮ ಒಪ್ಪಿಗೆಯನ್ನು ಬರಹದಲ್ಲಿ ತಿಳಿಸಿದ ನಂತರ ಕೆಲಸ ಆರಂಭಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ

ಪತ್ರ ಇಷ್ಟೇ. ಅಂತಿಮ ಮೊತ್ತ ಮೊದಲ ಪ್ಯಾರಾದಲ್ಲಿಯೇ ಬಂದಿರುವುದನ್ನು ಗಮನಿಸಬೇಕು. ಅನೇಕರು ನಯವಾಗಿ ಹೇಳಬೇಕೆಂಬ ಸಂಕೋಚದಿಂದ ‘ಜಿಎಸ್‌ಟಿ ನಿಯಮಾನುಸಾರ ಅನ್ವಯಿಸುತ್ತದೆ’ ಎಂದಷ್ಟೇ ಬರೆದು ನಿಲ್ಲಿಸುತ್ತಾರೆ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಶೇಕಡಾ ಎಷ್ಟು, ಯಾವ ಮೊತ್ತದ ಮೇಲೆ, ಕೊನೆಗೆ ಎಷ್ಟು ಎಂಬ ಮೂರೂ ಪ್ರಶ್ನೆಗಳನ್ನು ಅದು ಓದುಗನ ತಲೆಗೆ ಕಟ್ಟುತ್ತದೆ. ಶಾಲೆಯ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲು ಬೇಕಾಗಿರುವುದು ಒಂದು ಸಂಖ್ಯೆ.

ಸಾಗಣೆಗೂ ತೆರಿಗೆಯೇ?

ಈ ಲೆಕ್ಕದಲ್ಲಿ ಹೆಚ್ಚು ಪ್ರಶ್ನೆಗೆ ಒಳಗಾಗುವ ಸಾಲು 8,500 ರೂಪಾಯಿಯದು. ಬೆಂಚಿಗೆ ತೆರಿಗೆ ಸರಿ, ಲಾರಿ ಬಾಡಿಗೆಗೂ ಶೇ. 18 ಏಕೆ ಎಂದು ಗ್ರಾಹಕರು ಕೇಳುವುದು ಸಹಜ. ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮು ಇದಕ್ಕೆ ಉತ್ತರ ಹೇಳುತ್ತದೆ. ಸರಕು ಒಪ್ಪಿಸುವ ಹೊತ್ತಿಗೆ ಅಥವಾ ಅದಕ್ಕೂ ಮುನ್ನ ಪೂರೈಕೆಗೆ ಸಂಬಂಧಿಸಿ ಮಾರಾಟಗಾರ ಮಾಡಿದ ಕೆಲಸಕ್ಕೆ ಗ್ರಾಹಕನಿಂದ ಪಡೆಯುವ ಹಣ, ಪ್ಯಾಕಿಂಗ್ ಖರ್ಚು ಮುಂತಾದವೆಲ್ಲ ತೆರಿಗೆಯ ಮೌಲ್ಯದಲ್ಲಿ ಸೇರುತ್ತವೆ. ಇಲ್ಲಿ ಗದಗಕ್ಕೆ ತಲುಪಿಸಿ ಜೋಡಿಸಿಕೊಡುವ ಹೊಣೆ ಕಾರ್ಖಾನೆಯದೇ. ಸಾಗಣೆ ಮತ್ತು ಜೋಡಣೆ ಬೆಂಚಿನ ಪೂರೈಕೆಗೆ ಅಂಟಿಕೊಂಡ ಕೆಲಸಗಳು. ಮುಖ್ಯ ಸರಕಿಗೆ ಯಾವ ದರವೋ ಅವಕ್ಕೂ ಅದೇ ದರ.

ಕೆಲವರು ಸರಕಿಗೆ ಮಾತ್ರ ತೆರಿಗೆ ಹಾಕಿ, ಬಾಡಿಗೆಯನ್ನು ಕೊನೆಯಲ್ಲಿ ಹಾಗೆಯೇ ಕೂಡುತ್ತಾರೆ. ಆಗ ತೆರಿಗೆ 36,594 ರೂಪಾಯಿ, ಒಟ್ಟು 2,48,394 ರೂಪಾಯಿ ಆಗುತ್ತದೆ. ಗ್ರಾಹಕರಿಗೆ 1,530 ರೂಪಾಯಿ ಉಳಿಯಿತು ಎನಿಸಬಹುದು. ಆದರೆ ಇಲಾಖೆಯ ಕಣ್ಣಿಗೆ ಅದು ಕಡಿಮೆ ಕಟ್ಟಿದ ತೆರಿಗೆ. ಮುಂದೆ ಲೆಕ್ಕ ಪರಿಶೀಲನೆಯಲ್ಲಿ ಹೊರಬಿದ್ದರೆ ಬಡ್ಡಿ ಸಮೇತ ಕಟ್ಟಬೇಕಾದವರು ಕಾರ್ಖಾನೆಯವರು. ಅಷ್ಟು ಹೊತ್ತಿಗೆ ಶಾಲೆಯ ಆ ವರ್ಷದ ಲೆಕ್ಕಪತ್ರ ಮುಗಿದಿರುತ್ತದೆ. ಶಾಲೆಯವರೇ ತಮ್ಮ ಲಾರಿ ಗೊತ್ತುಮಾಡಿ, ಬಾಡಿಗೆಯನ್ನು ಲಾರಿಯವರಿಗೆ ನೇರವಾಗಿ ಕೊಟ್ಟರೆ ಮಾತು ಬೇರೆ. ಆ ಹಣ ಕಾರ್ಖಾನೆಯ ಬಿಲ್ಲಿಗೆ ಬರುವುದೇ ಇಲ್ಲ.

ರಿಯಾಯಿತಿಯ ಜಾಗ

ರಿಯಾಯಿತಿಯನ್ನು ತೆರಿಗೆಗೆ ಮುನ್ನ ಕಳೆಯಬೇಕು. ಪೂರೈಕೆಯ ಸಮಯದಲ್ಲಿ ಅಥವಾ ಅದಕ್ಕೆ ಮುನ್ನ ಕೊಟ್ಟು, ಬಿಲ್ಲಿನಲ್ಲಿಯೇ ತೋರಿಸಿದ ರಿಯಾಯಿತಿಗೆ ತೆರಿಗೆ ಇಲ್ಲ. 2,14,000 ರೂಪಾಯಿಯ ಮೇಲೆ ಮೊದಲು ತೆರಿಗೆ ಹಾಕಿ, ಅನಂತರ 10,700 ರೂಪಾಯಿ ಕಳೆದರೆ ಕೊಡದ ಹಣದ ಮೇಲೆ ಶಾಲೆ 1,926 ರೂಪಾಯಿ ತೆರಿಗೆ ತೆತ್ತಂತಾಗುತ್ತದೆ. ಬಾಯಿಮಾತಿನಲ್ಲಿ ‘ಕೊನೆಯಲ್ಲಿ ನೋಡಿ ಬಿಡೋಣ’ ಎಂದು ಒಪ್ಪಿದ ರಿಯಾಯಿತಿಯ ಗತಿ ಸಾಮಾನ್ಯವಾಗಿ ಹೀಗೆಯೇ. ಸರಕು ತಲುಪಿದ ಮೇಲೆ ಕೊಡುವ ರಿಯಾಯಿತಿಗೆ ಕಾಯ್ದೆಯಲ್ಲಿ ಬೇರೆ ಷರತ್ತುಗಳಿವೆ. ಸಣ್ಣ ವ್ಯವಹಾರದಲ್ಲಿ ಆ ಗೋಜಿಗೆ ಹೋಗದಿರುವುದೇ ಲೇಸು.

ತೆರಿಗೆ ಒಳಗೊಂಡಿದೆ ಎಂದಾದರೆ?

ಪತ್ರ ಹೋಗದೆ, ಶಾಲೆಯವರು 2,11,800 ರೂಪಾಯಿಗೆ ಆರ್ಡರ್ ಕೊಟ್ಟು, ಕಾರ್ಖಾನೆಯವರು ಅದನ್ನು ಸುಮ್ಮನೆ ಒಪ್ಪಿಕೊಂಡರು ಎಂದುಕೊಳ್ಳೋಣ. ಬಿಲ್ಲಿನ ದಿನ ಶಾಲೆಯವರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲು ಒಪ್ಪದಿದ್ದರೆ ಕಾರ್ಖಾನೆಯವರು ತೆರಿಗೆಯನ್ನು ಆ ಮೊತ್ತದ ಒಳಗಿನಿಂದಲೇ ತೆಗೆಯಬೇಕಾಗುತ್ತದೆ. ಗ್ರಾಹಕ ಕೊಡಲಿಲ್ಲ ಎಂಬುದು ಸರ್ಕಾರದ ಮುಂದೆ ನಡೆಯುವ ಸಬೂಬಲ್ಲ.

ಒಳಗಿನಿಂದ ತೆಗೆಯುವ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. 2,11,800ರ ಶೇ. 18 ಎಂದು 38,124 ರೂಪಾಯಿ ಕಳೆಯುವುದು ತಪ್ಪು. ಏಕೆಂದರೆ ಆ ಮೊತ್ತ ಈಗ 100 ಭಾಗವಲ್ಲ. ಸರಕಿನ 100 ಭಾಗ ಮತ್ತು ತೆರಿಗೆಯ 18 ಭಾಗ ಸೇರಿ 118 ಭಾಗ. ಜಿಎಸ್‌ಟಿ ನಿಯಮಾವಳಿಯ 35ನೇ ನಿಯಮ ಇದೇ ಸೂತ್ರವನ್ನು ಕೊಟ್ಟಿದೆ:

```
ತೆರಿಗೆ = 2,11,800 × 18 ÷ 118 = 32,308.47
ಸರಕಿನ ಮೌಲ್ಯ = 2,11,800 − 32,308.47 = 1,79,491.53
```

ಅಂದರೆ 2,11,800 ರೂಪಾಯಿ ಕೈಗೆ ಬರುತ್ತದೆಂದು ಲೆಕ್ಕ ಹಾಕಿ ಕಬ್ಬಿಣ, ಪ್ಲೈವುಡ್, ಬಣ್ಣ, ಕೂಲಿಗಳ ಅಂದಾಜು ಮಾಡಿದ ಕಾರ್ಖಾನೆಗೆ ದೊರೆಯುವುದು 1,79,491 ರೂಪಾಯಿ 53 ಪೈಸೆ. ಲಾಭದ ಅಂಚು ಶೇ. 10-12 ಇಟ್ಟುಕೊಂಡಿದ್ದವರಿಗೆ ಇದು ಲಾಭವನ್ನೆಲ್ಲ ತಿಂದು ಅಸಲಿಗೂ ಕೈ ಹಾಕುವ ಮೊತ್ತ. ಕಬ್ಬಿಣ ಮತ್ತಿತರ ಸಾಮಗ್ರಿಯ ಮೇಲೆ ಕೊಟ್ಟ ತೆರಿಗೆಯನ್ನು ಕಾರ್ಖಾನೆ ಕಳೆದುಕೊಳ್ಳಬಹುದು ಎಂಬುದು ನಿಜ. ಆದರೆ ಅನುಭವಿಗಳು ಆ ಜಮೆಯನ್ನು ಕೊಟೇಶನ್ ಹಾಕುವಾಗಲೇ ಗಣನೆಗೆ ತೆಗೆದುಕೊಂಡಿರುತ್ತಾರೆ. ಅದು ಎರಡನೆಯ ಸಲ ಉಪಯೋಗಕ್ಕೆ ಬಾರದು.

ಈ ಕಾರಣಕ್ಕೆ ಪತ್ರ ಹೋಗುವ ದಿನವೂ ಮುಖ್ಯ. ಕೊಟೇಶನ್ ಹೋದ ನಂತರ, ಆರ್ಡರ್ ಬರುವ ಮೊದಲು ಹೋದರೆ ಅದು ಸ್ಪಷ್ಟೀಕರಣ. ಆರ್ಡರ್ ಕೈಸೇರಿ, ಮುಂಗಡ ಪಡೆದ ಮೇಲೆ ಹೋದರೆ ಅದು ಬರಿಯ ವಿನಂತಿ. ಗ್ರಾಹಕರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಟೇಶನ್ನಿನಲ್ಲಿ ‘ತೆರಿಗೆ ಪ್ರತ್ಯೇಕ’ ಎಂಬ ಪದಗಳು ಮೊದಲೇ ಇದ್ದಲ್ಲಿ ಕಾರ್ಖಾನೆಯವರ ಕೈ ಮೇಲಿರುತ್ತದೆ ಎಂಬುದು ಹೌದಾದರೂ ಮುಂದಿನ ವರ್ಷವೂ ಅದೇ ಶಾಲೆಯ ಆರ್ಡರ್ ಬೇಕಾದವರು ಆ ಎರಡು ಪದಗಳನ್ನು ನೆಚ್ಚಿ ಕೂರುವುದಿಲ್ಲ.

ಮುಂಗಡ ಯಾವುದರ ಅರ್ಧ?

ಮಾದರಿ ಪತ್ರದಲ್ಲಿ ಮುಂಗಡವನ್ನು ರೂಪಾಯಿಗಳಲ್ಲಿ ಬರೆದಿರುವುದು ಬೇಕೆಂದೇ. ‘ಶೇ. 50 ಮುಂಗಡ’ ಎಂದಷ್ಟೇ ಬರೆದರೆ ಶಾಲೆಯವರು ತಮಗೆ ಗೊತ್ತಿರುವ 2,11,800ರ ಅರ್ಧ 1,05,900 ರೂಪಾಯಿ ಕಳುಹಿಸಬಹುದು. ಆಗ ಉಳಿದ ಬಾಕಿ 1,44,024 ರೂಪಾಯಿ. ತೆರಿಗೆಯ ಭಾರವೆಲ್ಲ ಎರಡನೆಯ ಕಂತಿನ ಮೇಲೆ ಕುಳಿತುಕೊಳ್ಳುತ್ತದೆ.

ಇದರ ಬಿಸಿ ತಟ್ಟುವುದು ಕಾರ್ಖಾನೆಗೆ. ಸರಕಿಗೆ ಪಡೆದ ಮುಂಗಡದ ಮೇಲೆ ಆ ಕ್ಷಣವೇ ಜಿಎಸ್‌ಟಿ ಕಟ್ಟಬೇಕಾಗಿಲ್ಲ. 2017ರ ನವೆಂಬರ್ 15ರಿಂದ ಈ ಸಡಿಲಿಕೆ ಇದೆ. ಬರಿಯ ಸೇವೆಗೆ, ಉದಾಹರಣೆಗೆ ವಿನ್ಯಾಸದ ನಕ್ಷೆ ಮಾಡಿಕೊಡುವವರು ಪಡೆಯುವ ಮುಂಗಡಕ್ಕೆ, ಅದು ಅನ್ವಯಿಸುವುದಿಲ್ಲ. ಆದರೆ ಬಿಲ್ ಹರಿದ ಮೇಲೆ ಗಡಿಯಾರ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ GSTR-3B ಸಲ್ಲಿಸಿ, ಆ ಬಿಲ್ಲಿನ 38,124 ರೂಪಾಯಿಯನ್ನು ತಮಗಿರುವ ಜಮೆ ಕಳೆದು ಕಟ್ಟಬೇಕು. ಶಾಲೆಯ ಚೆಕ್ ಮೂರು ತಿಂಗಳ ನಂತರ ಬಂದರೂ ತೆರಿಗೆಗೆ ಕಾಯುವ ಅವಕಾಶವಿಲ್ಲ. ಎರಡನೆಯ ಕಂತು ಸರಕು ಜೋಡಿಸಿದ ದಿನವೇ ಬರಬೇಕೆಂದು ಪತ್ರದಲ್ಲಿ ಬರೆದಿರುವುದರ ಹಿಂದೆ ಈ ಲೆಕ್ಕವಿದೆ.

ಗಡಿ ದಾಟಿದರೆ, ದರ ಬದಲಾದರೆ

ಇದೇ ಬೆಂಚುಗಳು ಗದಗದ ಬದಲು ಸೊಲ್ಲಾಪುರದ ಶಾಲೆಗೆ ಹೋಗುತ್ತವೆ ಎಂದರೆ ಮಾರಾಟ ಅಂತರರಾಜ್ಯದ್ದಾಗುತ್ತದೆ. ಕೇಂದ್ರ, ರಾಜ್ಯ ಎಂಬ ಎರಡು ಸಾಲುಗಳ ಜಾಗದಲ್ಲಿ ಸಮಗ್ರ ಜಿಎಸ್‌ಟಿ ಶೇ. 18 ಎಂಬ ಒಂದೇ ಸಾಲು ಬರುತ್ತದೆ. ಮೊತ್ತ ಮಾತ್ರ ಅದೇ 38,124 ರೂಪಾಯಿ. ಎರಡು ಸಾಲು ಕಂಡ ಗ್ರಾಹಕರು ಎರಡು ಸಲ ತೆರಿಗೆ ಹಾಕಿದ್ದಾರೆಂದು ಅನುಮಾನಿಸುವುದುಂಟು, ಶೇ. 18ನ್ನೇ ಎರಡು ಪಾಲು ಮಾಡಲಾಗಿದೆ ಎಂಬ ಒಂದು ವಾಕ್ಯ ಸೇರಿಸಿದರೆ ಫೋನ್ ಕರೆಯೊಂದು ಉಳಿಯುತ್ತದೆ.

ತೆರಿಗೆ ದರದ ಬದಲಾವಣೆಯ ಸಾಲು ಪತ್ರದಲ್ಲಿ ಏಕೆ ಬೇಕು ಎಂಬುದಕ್ಕೆ 2025ರ ಸೆಪ್ಟೆಂಬರ್ 22 ಸಾಕ್ಷಿ. ಅಂದು ಶೇ. 12ರ ಮತ್ತು ಶೇ. 28ರ ಸ್ತರದಲ್ಲಿದ್ದ ಬಹುತೇಕ ವಸ್ತುಗಳ ದರ ಬದಲಾಯಿತು. ಉಕ್ಕಿನ ಪೀಠೋಪಕರಣ ಶೇ. 18ರಲ್ಲೇ ಉಳಿಯಿತು, ಪೂರ್ತಿ ಬಿದಿರು ಅಥವಾ ಬೆತ್ತದಿಂದ ಮಾಡಿದ ಪೀಠೋಪಕರಣ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಬೆತ್ತದ ಕುರ್ಚಿಗೆ ತೆರಿಗೆ ಸೇರಿಸಿ ಒಂದೇ ಮೊತ್ತ ಹೇಳಿ, ಅಕ್ಟೋಬರಿನಲ್ಲಿ ಸರಕು ಒಪ್ಪಿಸಿ ಬಿಲ್ ಮಾಡಿದವರಿಗೂ ಗ್ರಾಹಕರಿಗೂ ಇಳಿದ ತೆರಿಗೆ ಯಾರಿಗೆ ಸೇರಬೇಕೆಂಬ ಪ್ರಶ್ನೆ ಎದುರಾಗುತ್ತಿತ್ತು. ಮೂಲ ದರ ಬೇರೆ, ತೆರಿಗೆ ಬೇರೆ ಎಂದು ಬರೆದವರಿಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಗ್ರಾಹಕರು ನೋಂದಾಯಿತ ವ್ಯಾಪಾರಿಯಾಗಿದ್ದರೆ ಪತ್ರದಲ್ಲಿ ಇನ್ನೊಂದು ಕೋರಿಕೆ ಸೇರಬೇಕು: ಅವರ ಜಿಎಸ್‌ಟಿ ಸಂಖ್ಯೆ ಮತ್ತು ನೋಂದಣಿಯಲ್ಲಿರುವಂತೆ ಅವರ ಹೆಸರು. ಆ ಸಂಖ್ಯೆ ಬಿಲ್ಲಿನಲ್ಲಿ ಇಲ್ಲದಿದ್ದರೆ ಮಾರಾಟ ಸಾಮಾನ್ಯ ಗ್ರಾಹಕರ ಖಾತೆಗೆ ಸೇರಿಹೋಗುತ್ತದೆ, ಅವರ GSTR-2B ವಿವರದಲ್ಲಿ ಕಾಣಿಸುವುದಿಲ್ಲ, ಕೊಟ್ಟ ತೆರಿಗೆ ಜಮೆಯಾಗುವುದೂ ಇಲ್ಲ. ಒಂದು ಅಕ್ಷರ ತಪ್ಪಾದರೂ ಆ ಬಿಲ್ ಬೇರೊಬ್ಬರ ಖಾತೆಯಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಸಂಖ್ಯೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವ ಬದಲು ಅವರ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನೇ ತರಿಸಿಕೊಳ್ಳುವುದು ಒಳ್ಳೆಯದು.